ಕಿಲೋಗೆ ಹದಿನೈದು ರೂಪಾಯಿ ಅಗ್ಗದ ಮೆಣಸಿನಕಾಯಿ

ಆಗಸ್ಟ್ ಮೊದಲ ವಾರದ ಪರಿಶೀಲನಾ ಸಭೆಗೆಂದು ಮಸಾಲೆ ಘಟಕವೊಂದರ ಲೆಕ್ಕಪತ್ರ ವಿಭಾಗ ಒಂದು ಹಾಳೆ ಕಳಿಸಿದೆ. ಅದರಲ್ಲಿ ಮೆಣಸಿನಪುಡಿ ವಿಭಾಗದ ಕಚ್ಚಾಮಾಲಿನ ಸಾಲು ಹೀಗಿದೆ: ಜುಲೈ ಬಜೆಟ್ ₹33,00,000. ಆದ ಖರ್ಚು ₹39,33,000. ವ್ಯತ್ಯಾಸ ₹6,33,000, ಪ್ರತಿಕೂಲ. ಕೊನೆಯ ಅಂಕಿ ಕೆಂಪು ಬಣ್ಣದಲ್ಲಿದ್ದು, ಪಕ್ಕದಲ್ಲಿ ಆವರಣದೊಳಗೆ A ಎಂಬ ಅಕ್ಷರವಿದೆ.

ಹಾಳೆ ಕೈಗೆ ಬಂದ ವಿಭಾಗದ ಮುಖ್ಯಸ್ಥರಿಗೆ ಅದು ತಮ್ಮ ಮೇಲೆ ಹೊರಿಸಿದ ಆರೋಪದಂತೆ ಕಾಣುತ್ತದೆ. ಜುಲೈನಲ್ಲಿ ಅವರು 10,000 ಕಿಲೋ ಪುಡಿ ಮಾಡಬೇಕಿತ್ತು. ಗೌರಿ-ಗಣೇಶ ಹಬ್ಬದ ಆರ್ಡರುಗಳು ಬೇಗ ಬಂದದ್ದರಿಂದ ಮಾರಾಟದವರು ಇನ್ನೂ ಬೇಕೆಂದು ಪಟ್ಟು ಹಿಡಿದರು. ಮಳೆಗಾಲವಾದರೂ ಓವರ್‌ಟೈಮ್ ಮಾಡಿಸಿ 12,000 ಕಿಲೋ ಕೊಟ್ಟದ್ದಾಯಿತು. ಅದಕ್ಕೆ ಸಿಕ್ಕ ಪ್ರತಿಫಲ ಈ ಕೆಂಪು ಅಂಕಿ.

ಇದು ಕೈಲೆಕ್ಕಕ್ಕೆ ಸುಲಭವಾಗಲೆಂದು ದುಂಡಗಿನ ಅಂಕಿಗಳಲ್ಲಿ ಕಟ್ಟಿಕೊಂಡ ಉದಾಹರಣೆ. ಆದರೆ ಹುಬ್ಬಳ್ಳಿ, ಹಾವೇರಿ, ಬ್ಯಾಡಗಿ ಕಡೆಯ ಯಾವ ಮಸಾಲೆ ಘಟಕದಲ್ಲಾದರೂ ನಡೆಯಬಹುದಾದದ್ದು. ಬಜೆಟ್ಟಿಗೂ ನಿಜ ಖರ್ಚಿಗೂ ನಡುವಿನ ಅಂತರಕ್ಕೆ ಲೆಕ್ಕದವರು ವೇರಿಯನ್ಸ್ ಎನ್ನುತ್ತಾರೆ, ಕನ್ನಡ ಮಾಧ್ಯಮದ ವಾಣಿಜ್ಯ ಪಠ್ಯಗಳಲ್ಲಿ ಅದು ವ್ಯತ್ಯಾಸ. ಲಾಭವನ್ನು ಹೆಚ್ಚಿಸುವ ದಿಕ್ಕಿನಲ್ಲಿದ್ದರೆ ಅನುಕೂಲ, ಕಡಿಮೆ ಮಾಡುವ ದಿಕ್ಕಿನಲ್ಲಿದ್ದರೆ ಪ್ರತಿಕೂಲ. ಖರ್ಚು ಬಜೆಟ್ಟಿಗಿಂತ ಕಡಿಮೆಯಾದರೆ ಅನುಕೂಲ, ಮಾರಾಟ ಬಜೆಟ್ಟಿಗಿಂತ ಕಡಿಮೆಯಾದರೆ ಪ್ರತಿಕೂಲ. ಒಂದೇ ಮೈನಸ್ ಚಿಹ್ನೆಗೆ ಎರಡು ಸಾಲುಗಳಲ್ಲಿ ಎರಡು ಅರ್ಥ ಬರುತ್ತದೆ. ಆದ್ದರಿಂದಲೇ ಒಳ್ಳೆಯ ಲೆಕ್ಕಿಗರು ಹಾಳೆಯಲ್ಲಿ ಪ್ಲಸ್ ಮೈನಸ್ ಬಿಟ್ಟು F, A ಎಂಬ ಅಕ್ಷರಗಳನ್ನೇ ಹಾಕುತ್ತಾರೆ.

ಆ ಅಕ್ಷರ ಹೇಳುವುದು ದಿಕ್ಕನ್ನು ಮಾತ್ರ. ಯಾರು ಕಾರಣ, ಏನು ಕಾರಣ, ಅದು ಒಳ್ಳೆಯದೋ ಕೆಟ್ಟದ್ದೋ ಎನ್ನುವುದನ್ನು ಅದು ಹೇಳುವುದಿಲ್ಲ. ಸಭೆಯಲ್ಲಿ ಲೆಕ್ಕಾಧಿಕಾರಿಯ ನಿಜವಾದ ಕೆಲಸ ಶುರುವಾಗುವುದು ಅಲ್ಲಿಂದ. ₹6,33,000ವನ್ನು ತುಂಡು ತುಂಡಾಗಿ ಬಿಡಿಸಿ, ಪ್ರತಿ ತುಂಡನ್ನೂ ಅದರ ಕಾರಣದವರೆಗೆ ಕರೆದೊಯ್ಯಬೇಕು. ಈ ಘಟಕದ ಲೆಕ್ಕಾಧಿಕಾರಿ ಅದನ್ನು ಸಭೆಗೆ ಮೊದಲೇ ಮಾಡಿಕೊಂಡರು. ಸಭೆಗೆ ಎರಡು ದಿನ ಮುಂಚೆ ಹಾಳೆ ಹಿಡಿದು ಗಿರಣಿಗೇ ಹೋದರು. ಹತ್ತು ಜನರೆದುರು ಮೊದಲ ಸಲ ಅಂಕಿ ಕಂಡವರು ಕಾರಣ ಹುಡುಕುವುದಿಲ್ಲ, ಸಮರ್ಥನೆ ಹುಡುಕುತ್ತಾರೆ. ಮುಖ್ಯಸ್ಥರು ಅಂದು ತಮ್ಮ ಸಿಟ್ಟನ್ನು ಮುಚ್ಚಿಡಲಿಲ್ಲ.

"ಎರಡು ಸಾವಿರ ಕಿಲೋ ಜಾಸ್ತಿ ಪುಡಿ ಮಾಡಿ ಕೊಟ್ಟೇವ್ರಿ ಮೇಡಂ. ಖರ್ಚು ಹೆಚ್ಚಾಗದ ಇರ್ತೈತೇನ್ರಿ?"

"ಆಗ್ಲೇಬೇಕ್ರಿ ಸರ್. ಅದಕ್ಕ ಮೊದಲು ಆ ಎರಡು ಸಾವಿರ ಕಿಲೋದ ಖರ್ಚು ಬಾಜೂಕ ತೆಗೆದಿಡ್ತೀನಿ. ಉಳಿದದ್ದರ ಬಗ್ಗೆ ಮಾತ್ರ ನಾವು ಮಾತಾಡೂಣು."

ಈ ಮಾತಿನ ಹಿಂದಿನ ಲೆಕ್ಕ ಸರಳ. ಐನೂರು ಜನರ ಮದುವೆ ಊಟಕ್ಕೆ ಹಾಕಿದ ಅಂದಾಜನ್ನು ಆರುನೂರು ಜನ ಉಂಡು ಹೋದ ಮೇಲೆ ಬಂದ ಬಿಲ್ಲಿನ ಪಕ್ಕದಲ್ಲಿಟ್ಟು ಅಡುಗೆಯವರನ್ನು ಬೈಯುವವರಿಲ್ಲ. ಮೊದಲು ಅಂದಾಜನ್ನು ಆರುನೂರು ಜನಕ್ಕೆ ಏರಿಸಿಕೊಂಡು ಆಮೇಲೆ ಬಿಲ್ ನೋಡುತ್ತಾರೆ. ಕಾರ್ಖಾನೆಯಲ್ಲಿ ಹೀಗೆ ನಿಜ ಉತ್ಪಾದನೆಗೆ ತಕ್ಕಂತೆ ಹಿಗ್ಗಿಸಿದ ಅಥವಾ ಕುಗ್ಗಿಸಿದ ಬಜೆಟ್ಟಿಗೆ ಫ್ಲೆಕ್ಸಿಬಲ್ ಬಜೆಟ್ ಎಂದು ಹೆಸರು.

ಮೆಣಸಿನಪುಡಿಗೆ ಈ ಘಟಕ ಇಟ್ಟುಕೊಂಡ ಪ್ರಮಾಣ ಹೀಗಿದೆ: ಒಂದು ಕಿಲೋ ಪುಡಿಗೆ 1.10 ಕಿಲೋ ಒಣಮೆಣಸಿನಕಾಯಿ. ಹೆಚ್ಚಿನ ನೂರು ಗ್ರಾಂ ತೊಟ್ಟು, ದೂಳು, ಜರಡಿಯಲ್ಲಿ ಉಳಿಯುವ ಹಿಪ್ಪೆಯ ಪಾಲು. ಮೆಣಸಿನಕಾಯಿಯ ಬಜೆಟ್ ಬೆಲೆ ಕಿಲೋಗೆ ₹300. 10,000 ಕಿಲೋ ಪುಡಿಗೆ 11,000 ಕಿಲೋ ಕಾಯಿ ಬೇಕು, ಅದೇ ₹33 ಲಕ್ಷದ ಬಜೆಟ್. 12,000 ಕಿಲೋ ಪುಡಿ ಮಾಡಿದ್ದರಿಂದ 13,200 ಕಿಲೋ ಕಾಯಿ ಬೇಕಾಗುತ್ತದೆ, ₹300ರಂತೆ ₹39,60,000. ನಿಜವಾಗಿ ಆದ ಖರ್ಚು ₹39,33,000. ಅಂದರೆ ಮಾಡಿದ ಕೆಲಸದ ಲೆಕ್ಕಕ್ಕೆ ಇಟ್ಟು ನೋಡಿದರೆ ಖರ್ಚು ₹27,000 ಕಡಿಮೆಯೇ ಆಗಿದೆ. ಆರು ಲಕ್ಷ ಚಿಲ್ಲರೆಯ ಪ್ರತಿಕೂಲ ಒಂದೇ ಏಟಿಗೆ ಸಣ್ಣ ಅನುಕೂಲವಾಯಿತು.

ಉಳಿದ ₹6,60,000 ಹೆಚ್ಚು ಪುಡಿ ಮಾಡಿದ್ದಕ್ಕೆ ಬಂದ ಖರ್ಚು. ಅದಕ್ಕೆ ಉತ್ತರ ಮಾರಾಟದ ಸಾಲಿನಲ್ಲಿದೆ. ಆ ಎರಡು ಸಾವಿರ ಕಿಲೋ ಬಿಕರಿಯಾಗಿದ್ದರೆ ಅಲ್ಲಿ ಅದಕ್ಕಿಂತ ದೊಡ್ಡ ಅನುಕೂಲ ಕಾಣಬೇಕು. ಬಿಕರಿಯಾಗದೆ ಗೋದಾಮಿನಲ್ಲಿ ಕೂತಿದ್ದರೆ ಅದು ಬೇರೆಯೇ ಪ್ರಶ್ನೆ, ಅದನ್ನು ಕೇಳಬೇಕಾದದ್ದು ಗಿರಣಿಯವರನ್ನಲ್ಲ.

ಹಿಗ್ಗಿಸುವಾಗ ಒಂದು ಎಚ್ಚರಿಕೆ ಬೇಕು. ಎಲ್ಲ ಖರ್ಚೂ ಉತ್ಪಾದನೆಯ ಜೊತೆ ಏರುವುದಿಲ್ಲ. ಶೆಡ್ಡಿನ ಬಾಡಿಗೆ, ಮೇಲ್ವಿಚಾರಕರ ಸಂಬಳ ಇದ್ದಲ್ಲೇ ಇರುತ್ತವೆ. ಕರೆಂಟು ಅರ್ಧ ಅಲ್ಲಿ, ಅರ್ಧ ಇಲ್ಲಿ. ಹೆಸ್ಕಾಂನ ಹೈಟೆನ್ಷನ್ ಬಿಲ್ಲಿನಲ್ಲಿ ಡಿಮ್ಯಾಂಡ್ ಚಾರ್ಜ್ ಒಂದು ಸಾಲು, ಸುಟ್ಟ ಯೂನಿಟ್ಟಿನ ಚಾರ್ಜ್ ಇನ್ನೊಂದು ಸಾಲು. ಒಂದು ಲಕ್ಷದ ಬಜೆಟ್ಟಿನಲ್ಲಿ ₹30,000 ಡಿಮ್ಯಾಂಡ್ ಚಾರ್ಜ್ ಇದ್ದರೆ, ಉತ್ಪಾದನೆ ಶೇ. 20 ಏರಿದಾಗ ಹಿಗ್ಗುವುದು ಉಳಿದ ₹70,000 ಮಾತ್ರ. ಸರಿಯಾದ ಹೊಸ ಬಜೆಟ್ ₹1,14,000. ಅವಸರದಲ್ಲಿ ಇಡೀ ಲಕ್ಷವನ್ನು ಶೇ. 20 ಏರಿಸಿದರೆ ₹1,20,000 ಬರುತ್ತದೆ. ಬಿಲ್ ₹1,17,000 ಬಂದಿದ್ದರೆ ತಪ್ಪು ಲೆಕ್ಕ ಅದನ್ನು ಮೂರು ಸಾವಿರ ಅನುಕೂಲ ಎನ್ನುತ್ತದೆ, ಸರಿ ಲೆಕ್ಕ ಮೂರು ಸಾವಿರ ಪ್ರತಿಕೂಲ ಎನ್ನುತ್ತದೆ. ಮೊತ್ತ ಸಣ್ಣದು, ಆದರೆ ಚಿಹ್ನೆಯೇ ಬದಲಾಯಿತು. ವಿಭಾಗದವರಿಗೆ ಇಂಥದ್ದೊಂದು ಸಿಕ್ಕಿಬಿದ್ದರೆ ಮುಂದೆ ಹಾಳೆಯ ಯಾವ ಅಂಕಿಯನ್ನೂ ಅವರು ನಂಬುವುದಿಲ್ಲ.

ಈಗ ಆ ₹27,000 ಅನುಕೂಲದ ವಿಷಯ. ಬಹಳಷ್ಟು ಕಂಪನಿಗಳಲ್ಲಿ ಇಷ್ಟು ರೂಪಾಯಿಗಿಂತ ಅಥವಾ ಬಜೆಟ್ಟಿನ ಇಷ್ಟು ಶೇಕಡಕ್ಕಿಂತ ಕಡಿಮೆ ವ್ಯತ್ಯಾಸಕ್ಕೆ ವಿವರಣೆ ಬೇಡ ಎಂಬ ನಿಯಮ ಇರುತ್ತದೆ. ಸಣ್ಣ ಪುಟ್ಟದ್ದರ ಹಿಂದೆ ಬಿದ್ದರೆ ಸಭೆ ಮುಗಿಯುವುದಿಲ್ಲ, ಹಾಗಾಗಿ ನಿಯಮ ಸರಿಯೇ. ಸುಮಾರು ನಲವತ್ತು ಲಕ್ಷದ ಸಾಲಿನಲ್ಲಿ ₹27,000 ಎಂದರೆ ಶೇ. 1ಕ್ಕಿಂತ ಕಡಿಮೆ. ಯಾವ ನಿಯಮದ ಬಲೆಗೂ ಅದು ಬೀಳುವುದಿಲ್ಲ. ಜುಲೈ ಹಾಳೆಯ ಅತ್ಯಂತ ಮುಖ್ಯ ಸಂಗತಿ ಅಡಗಿ ಕುಳಿತದ್ದು ಮಾತ್ರ ಅಲ್ಲೇ.

ಕಚ್ಚಾಮಾಲಿನ ಖರ್ಚು ಎರಡು ಅಂಕಿಗಳ ಗುಣಾಕಾರ: ಎಷ್ಟು ಕಿಲೋ, ಕಿಲೋಗೆ ಎಷ್ಟು ರೂಪಾಯಿ. ಅವೆರಡನ್ನೂ ಬೇರೆ ಮಾಡದೆ ಯಾರಿಗೂ ಏನೂ ಹೇಳಲು ಬರುವುದಿಲ್ಲ. ಜುಲೈನಲ್ಲಿ ಗಿರಣಿ ತೆಗೆದುಕೊಂಡದ್ದು 13,800 ಕಿಲೋ, ಬೆಲೆ ಕಿಲೋಗೆ ₹285. ಬೆಲೆಯಲ್ಲಿ ₹15 ಉಳಿತಾಯ, ಅದನ್ನು 13,800ರಿಂದ ಗುಣಿಸಿದರೆ ₹2,07,000 ಅನುಕೂಲ. ಇದು ಬೆಲೆ ವ್ಯತ್ಯಾಸ. ಬೇಕಿದ್ದದ್ದು 13,200 ಕಿಲೋ, ಬಳಸಿದ್ದು 600 ಕಿಲೋ ಹೆಚ್ಚು, ಅದನ್ನು ಬಜೆಟ್ ಬೆಲೆ ₹300ರಿಂದ ಗುಣಿಸಿದರೆ ₹1,80,000 ಪ್ರತಿಕೂಲ. ಇದು ಬಳಕೆ ವ್ಯತ್ಯಾಸ. ಎರಡನ್ನೂ ಕೂಡಿಸಿದಾಗ ಉಳಿಯುವುದು ಆ ₹27,000. ಎರಡು ಲಕ್ಷದ ಆಸುಪಾಸಿನ ಎರಡು ಅಂಕಿಗಳು ಒಂದನ್ನೊಂದು ಹೊಡೆದುಹಾಕಿ ಹಾಳೆಯ ಮೇಲೆ ಶಾಂತಿ ಕಾಣಿಸುತ್ತಿತ್ತು. ವಿವರಣೆ ಕೇಳುವ ಮಿತಿಯನ್ನು ಒಟ್ಟು ಮೊತ್ತಕ್ಕೆ ಹಚ್ಚದೆ ಬಿಡಿಸಿದ ತುಂಡುಗಳಿಗೆ ಹಚ್ಚಬೇಕು ಎನ್ನುವುದು ಇದಕ್ಕೇ.

ಬಳಕೆ ವ್ಯತ್ಯಾಸವನ್ನು ಬಜೆಟ್ ಬೆಲೆಯಲ್ಲೇ ಯಾಕೆ ಗುಣಿಸುತ್ತಾರೆ ಎಂದು ಗಿರಣಿಯವರು ಕೇಳುವುದುಂಟು. ಬೆಲೆ ಏರಿದ್ದು ಇಳಿದದ್ದು ಅವರ ಕೈಯಲ್ಲಿಲ್ಲ, ಅದರ ಪಾಪಪುಣ್ಯ ಅವರಿಗೆ ತಟ್ಟಬಾರದು ಎನ್ನುವುದೇ ಉದ್ದೇಶ. ಈ ಬಗೆಯ ಬಿಡಿಸುವಿಕೆಯನ್ನು ಒಂದು ಪೂರ್ಣ ಪದ್ಧತಿಯಾಗಿ ರೂಪಿಸಿದವರಲ್ಲಿ ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಚಾರ್ಟರ್ ಹ್ಯಾರಿಸನ್ ಮೊದಲಿಗರು. 1918ರಲ್ಲಿ ಆರಂಭವಾದ ಅವರ ಲೇಖನಮಾಲೆಯ ಶೀರ್ಷಿಕೆ, ಉತ್ಪಾದನೆಗೆ ನೆರವಾಗುವ ವೆಚ್ಚ ಲೆಕ್ಕ ಎಂಬರ್ಥದ್ದು. ನೆರವು ಎಂಬ ಆ ಉದ್ದೇಶ ಅನೇಕ ಸಭೆಗಳಲ್ಲಿ ಮರೆತೇ ಹೋಗಿರುತ್ತದೆ.

ಈಗ ಹಾಳೆ ಹೇಳುವ ಕತೆ ಹೀಗಾಯಿತು: ಖರೀದಿ ವಿಭಾಗ ಅಗ್ಗಕ್ಕೆ ತಂದು ಎರಡು ಲಕ್ಷ ಉಳಿಸಿದೆ, ಗಿರಣಿ 600 ಕಿಲೋ ಹಾಳು ಮಾಡಿ ಆ ಉಳಿತಾಯ ತಿಂದುಹಾಕಿದೆ. ಅಂಕಗಣಿತದಲ್ಲಿ ಒಂದೂ ತಪ್ಪಿಲ್ಲ. ಆದರೆ ಗಿರಣಿಯೊಳಗೆ ಹೋಗಿ ನೋಡದೆ ಇದನ್ನು ಸಭೆಯಲ್ಲಿ ಓದಿಬಿಟ್ಟರೆ ಅದು ಘೋರ ಅನ್ಯಾಯ.

ಲೆಕ್ಕಾಧಿಕಾರಿ ಅಂದು ರೂಪಾಯಿಯ ಮಾತು ಆಡಲಿಲ್ಲ. ಗಿರಣಿಯ ಮುಖ್ಯಸ್ಥರ ದಿನ ಕಳೆಯುವುದು ಚೀಲ, ಕಿಲೋ, ಗಂಟೆಗಳ ಲೆಕ್ಕದಲ್ಲಿ. ಹಾಗಾಗಿ ಅವರು ಕೇಳಿದ್ದು ಒಂದೇ: "ಆರುನೂರು ಕಿಲೋ ಎಲ್ಲಿ ಹೋಗಿರಬೇಕ್ರಿ ಸರ್?"

ಮೆಣಸಿನಕಾಯಿ ಕಳೆದುಹೋಗಲು ಗಿರಣಿಯಲ್ಲಿರುವ ದಾರಿಗಳು ನಾಲ್ಕೈದು ಅಷ್ಟೇ. ತೊಟ್ಟು ಬಿಡಿಸುವಾಗ ಸಿಪ್ಪೆಯೂ ಹೋಗಬಹುದು. ಜರಡಿ ತೀರಾ ಸಣ್ಣದಾಗಿದ್ದರೆ ಹಿಪ್ಪೆ ಹೆಚ್ಚಾಗಬಹುದು. ದೂಳು ಹೀರುವ ಚೀಲಗಳಲ್ಲಿ ಪುಡಿ ಸೇರಿಕೊಳ್ಳಬಹುದು. ಕಳವಾಗಬಹುದು. ಈ ಪೈಕಿ ಮೊದಲ ಮೂರಕ್ಕೆ ಸಾಕ್ಷಿ ಗಿರಣಿಯಲ್ಲೇ ಇರುತ್ತದೆ, ಏಕೆಂದರೆ ತೊಟ್ಟು, ಹಿಪ್ಪೆ, ಕಸಗುಡಿಸಿದ ಪುಡಿ ಎಲ್ಲವನ್ನೂ ತೂಗಿ ಬರೆದಿಡುತ್ತಾರೆ. ಜುಲೈ ತಿಂಗಳ ಆ ಚೀಟಿಗಳಲ್ಲಿ ವಿಶೇಷವೇನೂ ಇರಲಿಲ್ಲ. ಪುಡಿ ಶೇ. 20 ಹೆಚ್ಚಾಗಿತ್ತು, ತೊಟ್ಟು, ಹಿಪ್ಪೆಗಳೂ ಅಷ್ಟೇ ಹೆಚ್ಚಾಗಿದ್ದವು.

ಉತ್ತರ ಸಿಕ್ಕಿದ್ದು ಡ್ರೈಯರಿನ ಬಳಿಯ ತೂಕದ ಪುಸ್ತಕದಲ್ಲಿ. ಬೀಸುವ ಮುಂಚೆ ಕಾಯಿಯನ್ನು ಡ್ರೈಯರಿನಲ್ಲಿ ಒಣಗಿಸುತ್ತಾರೆ. ಒಳಗೆ ಹೋಗುವಾಗ ಒಂದು ತೂಕ, ಹೊರಗೆ ಬಂದ ಮೇಲೆ ಒಂದು ತೂಕ. ಎಂದಿನ ತಿಂಗಳು ಎರಡರ ನಡುವೆ ಹೇಳಿಕೊಳ್ಳುವಂಥ ಅಂತರವಿರುವುದಿಲ್ಲ, ಏಕೆಂದರೆ ಘಟಕ ಕೊಳ್ಳುವುದು ಶೇ. 10 ತೇವದ ಕಾಯಿಯನ್ನು, ಬೀಸುವುದೂ ಅದೇ ತೇವದಲ್ಲಿ. ಜುಲೈನಲ್ಲಿ ಒಳಗೆ ಹೋದದ್ದು 13,800 ಕಿಲೋ, ಹೊರಗೆ ಬಂದದ್ದು 13,187 ಕಿಲೋ. 613 ಕಿಲೋ ಆವಿಯಾಗಿ ಹೋಗಿದೆ. ಹಾಳಾದದ್ದು ಮೆಣಸಿನಕಾಯಿಯಲ್ಲ, ನೀರು. ಲ್ಯಾಬಿನ ಪುಸ್ತಕವೂ ಅದನ್ನೇ ಹೇಳುತ್ತಿತ್ತು: ಆ ತಿಂಗಳು ಬಂದ ಲಾಟುಗಳ ಸರಾಸರಿ ತೇವಾಂಶ ಶೇ. 14.

ಹೀಗಾಗಲು ಕಾರಣವಿದೆ. ಬ್ಯಾಡಗಿ ಮಾರುಕಟ್ಟೆಗೆ ಹೊಸ ಕಾಯಿ ಹೆಚ್ಚಾಗಿ ಬರುವುದು ಜನವರಿಯಿಂದ ಬೇಸಗೆಯವರೆಗೆ. ಆಮೇಲೆ ಕೊಳ್ಳುವವರಿಗೆ ಸಿಗುವುದು ಕೋಲ್ಡ್ ಸ್ಟೋರೇಜಿನ ಮಾಲು, ಇಲ್ಲವೇ ವ್ಯಾಪಾರಿಗಳ ಗೋದಾಮಿನಲ್ಲಿ ಉಳಿದದ್ದು. ಒಣಮೆಣಸಿನಕಾಯಿ ಸುತ್ತಲಿನ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ತೆರೆದ ಗೋದಾಮಿನ ಚೀಲಗಳು ತೂಕ ಪಡೆಯುತ್ತವೆ. ಕೋಲ್ಡ್ ಸ್ಟೋರೇಜಿನಿಂದ ತಣ್ಣಗೆ ಹೊರಬಂದ ಚೀಲದ ಮೇಲೂ ತೇವದ ಗಾಳಿ ತಾಗಿದರೆ ಹನಿಗಟ್ಟುತ್ತದೆ. ಇಂಥ ಕಾಯಿ ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ: ಒಣಗಿದ್ದು ಗಲಗಲ ಸದ್ದು ಮಾಡಿ ಮುರಿಯುತ್ತದೆ, ತೇವದ್ದು ಚರ್ಮದಂತೆ ಮಡಚಿಕೊಳ್ಳುತ್ತದೆ. ಹಾಗೆಂದು ಒಣಗಿಸದೆ ಬೀಸಲೂ ಬರುವುದಿಲ್ಲ. ಮೆಣಸಿನಪುಡಿಯಲ್ಲಿ ತೇವಾಂಶ ಶೇ. 11 ಮೀರಬಾರದು ಎನ್ನುವುದು ಆಹಾರ ಸುರಕ್ಷತೆಯ ಮಾನದಂಡ, ತೇವ ಉಳಿದರೆ ಬೂಷ್ಟು ಹಿಡಿಯುವ ಭಯವೂ ಇದೆ.

ಈಗ ಬೆಲೆಯ ಲೆಕ್ಕವನ್ನು ಇನ್ನೊಮ್ಮೆ ನೋಡಬೇಕು. ಘಟಕ ₹39,33,000 ಕೊಟ್ಟು ನಿಜವಾಗಿ ಪಡೆದದ್ದು ಬೀಸಲು ಯೋಗ್ಯವಾದ 13,187 ಕಿಲೋ. ಕಿಲೋಗೆ ₹298.25 ಬಿತ್ತು. ಹದಿನೈದು ರೂಪಾಯಿ ಎಂದು ಕಂಡ ಉಳಿತಾಯ ಎರಡು ರೂಪಾಯಿಯೂ ಇಲ್ಲ. ಅಲ್ಲಿಗೂ ಮುಗಿಯಲಿಲ್ಲ. 613 ಕಿಲೋ ನೀರನ್ನು ಆವಿ ಮಾಡಲು ಡ್ರೈಯರ್ ಹೆಚ್ಚು ಗಂಟೆ ಓಡಿತು, ಹೆಚ್ಚು ಬ್ರಿಕೆಟ್ ಉರುವಲು ಸುಟ್ಟಿತು, ಅದಕ್ಕೆಂದು ಕೆಲಸಗಾರರು ರಾತ್ರಿ ಉಳಿದರು. ಹಾಳೆಯ ಕೆಳಭಾಗದಲ್ಲಿ ಉರುವಲು ಮತ್ತು ಓವರ್‌ಟೈಮಿನ ಸಾಲುಗಳು, ಉತ್ಪಾದನೆಗೆ ತಕ್ಕಂತೆ ಹಿಗ್ಗಿಸಿದ ಮೇಲೂ, ಒಟ್ಟು ₹41,000 ಪ್ರತಿಕೂಲ ತೋರಿಸುತ್ತಿದ್ದವು. ಅದನ್ನೂ ಸೇರಿಸಿದರೆ ಕಿಲೋ ₹301ರ ಮೇಲಾಯಿತು. ₹285ರ ಕಾಯಿ ₹300ರ ಕಾಯಿಗಿಂತ ದುಬಾರಿಯಾಗಿತ್ತು.

ಗಿರಣಿಯ ಪಾಲಿಗೆ ಉಳಿದದ್ದೇನು? 12,000 ಕಿಲೋ ಪುಡಿಗೆ ಅವರಿಗೆ 13,200 ಕಿಲೋ ಒಣಗಿದ ಕಾಯಿಯ ಅವಕಾಶವಿತ್ತು, ಬಳಸಿದ್ದು 13,187. ಹದಿಮೂರು ಕಿಲೋ ಉಳಿಸಿದ್ದಾರೆ. ಕೆಂಪು ಅಂಕಿ ಹೊತ್ತು ಬಂದ ವಿಭಾಗದ ಕೈ ಶುದ್ಧವಾಗಿತ್ತು.

ಖರೀದಿಯವರು ಮೋಸ ಮಾಡಿದರು ಎಂದು ಇದರ ಅರ್ಥವಲ್ಲ. ಅವರ ತಿಂಗಳ ಹಾಳೆಯಲ್ಲಿ ಇದ್ದ ಅಳತೆ ಒಂದೇ, ಕಿಲೋಗೆ ಕೊಟ್ಟ ಬೆಲೆ. ಅದನ್ನು ಇಳಿಸಿದ್ದಕ್ಕೆ ಅವರಿಗೆ ಶಹಬ್ಬಾಸ್ ಸಿಗುತ್ತಿತ್ತು. ಅಳೆಯುವುದು ಬೆಲೆಯನ್ನು ಮಾತ್ರ ಎಂದಾದರೆ ಖರೀದಿಯವರು ಬೆಲೆಯನ್ನೇ ನೋಡುತ್ತಾರೆ. ಕೆಲವು ಕಂಪನಿಗಳಲ್ಲಿ ತೊಡಕು ಇನ್ನೂ ಆಳ. ಅಲ್ಲಿ ಬೆಲೆ ವ್ಯತ್ಯಾಸವನ್ನು ಮಾಲು ಗೇಟಿಗೆ ಬಂದ ತಿಂಗಳೇ ಲೆಕ್ಕ ಹಾಕುತ್ತಾರೆ. ಕಾಯಿ ಜೂನ್ ಕೊನೆಗೆ ಬಂದಿದ್ದರೆ ಎರಡು ಲಕ್ಷದ ಅನುಕೂಲ ಜೂನ್ ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸಿಕೊಂಡು ಮುಗಿದುಹೋಗುತ್ತಿತ್ತು. ಜುಲೈ ಸಭೆಯಲ್ಲಿ ₹1,80,000 ಪ್ರತಿಕೂಲ ಒಂಟಿಯಾಗಿ ಬಂದು ಗಿರಣಿಯವರ ತಲೆಯ ಮೇಲೆ ಕೂರುತ್ತಿತ್ತು. ಎರಡೂ ಒಂದೇ ಲಾರಿಯಿಂದ ಇಳಿದವು ಎಂದು ಯಾರಿಗೂ ಹೊಳೆಯುತ್ತಿರಲಿಲ್ಲ. ಆದ್ದರಿಂದ ದೊಡ್ಡ ಬಳಕೆ ವ್ಯತ್ಯಾಸ ಕಂಡಾಗ ಆ ಲಾಟು ಯಾವಾಗ, ಯಾವ ಬೆಲೆಗೆ, ಯಾವ ತೇವದಲ್ಲಿ ಒಳಬಂತು ಎಂದು ಹಿಂದಿನ ತಿಂಗಳ ಕಾಗದ ತೆಗೆದು ನೋಡುವುದು ಅಗತ್ಯ.

ಇಷ್ಟು ಶೋಧಿಸಿದ ಮೇಲೂ ಉಳಿಯುವ ಪ್ರಶ್ನೆಯೊಂದಿದೆ, ಮುಖ್ಯಸ್ಥರೇ ಅದನ್ನು ಎತ್ತಿದರು. 1.10 ಎಂಬ ಪ್ರಮಾಣವನ್ನು ಯಾರು, ಯಾವಾಗ ಇಟ್ಟರು? ಅದು ಫೆಬ್ರವರಿಯಲ್ಲಿ, ಹೊಸ ಕಾಯಿಯ ಮೇಲೆ ಪರೀಕ್ಷೆ ಮಾಡಿ ಇಟ್ಟದ್ದು. ಮಳೆಗಾಲದ ಕಾಯಿಗೆ ಅದು ಹೊಂದುವುದೇ ಇಲ್ಲ ಎಂದಾದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ತಿಂಗಳೂ ಬಳಕೆ ಪ್ರತಿಕೂಲವೇ ಬರುತ್ತದೆ, ಅದರಲ್ಲಿ ಹೊಸ ಸುದ್ದಿ ಇರುವುದಿಲ್ಲ. ಅಂಥ ವ್ಯತ್ಯಾಸ ಗಿರಣಿಯದೂ ಅಲ್ಲ, ಖರೀದಿಯದೂ ಅಲ್ಲ, ಬಜೆಟ್ ಮಾಡಿದವರದು. ಇದಕ್ಕೆ ಮದ್ದು ವರ್ಷದ ನಡುವೆ ಬಜೆಟ್ ತಿದ್ದುವುದಲ್ಲ. ಹಾಗೆ ತಿದ್ದುತ್ತಾ ಹೋದರೆ ಹೋಲಿಸಲು ನಿಂತ ನೆಲವೇ ಇಲ್ಲದಾಗುತ್ತದೆ. ಬಜೆಟ್ ಹಾಗೇ ಇರಲಿ, ಪಕ್ಕದ ಕಾಲಮ್ಮಿನಲ್ಲಿ ವರ್ಷದ ಕೊನೆಗೆ ಎಲ್ಲಿಗೆ ಮುಟ್ಟಬಹುದು ಎಂಬ ಹೊಸ ಅಂದಾಜು ಬರಲಿ, ಮುಂದಿನ ವರ್ಷದ ಪ್ರಮಾಣ ಮಾತ್ರ ಋತುವಿಗೆ ತಕ್ಕಂತೆ ಎರಡಾಗಲಿ ಎಂದು ಲೆಕ್ಕಾಧಿಕಾರಿ ಒಪ್ಪಿಸಿದರು. ಇದು ಜಾಣ ದಾರಿ.

ಜುಲೈ ಹಾಳೆಯಲ್ಲಿ ಹಸಿರು ಬಣ್ಣದ ಸಾಲೊಂದೂ ಇತ್ತು. ಯಂತ್ರಗಳ ರಿಪೇರಿ: ಬಜೆಟ್ ₹60,000, ಖರ್ಚು ಸೊನ್ನೆ, ಪೂರ್ತಿ ಅನುಕೂಲ. ಕೆಂಪು ಅಂಕಿಗೆ ಹತ್ತು ಪ್ರಶ್ನೆ ಕೇಳುವ ಸಭೆಗಳು ಹಸಿರಿಗೆ ಒಂದನ್ನೂ ಕೇಳುವುದಿಲ್ಲ, ಇದು ದೊಡ್ಡ ದೋಷ. ಇಲ್ಲಿ ಕೇಳಬೇಕಾದದ್ದು ಒಂದೇ ಮಾತು: ಕೆಲಸ ಆಗಿದೆಯೇ, ಇಲ್ಲವೇ?

ಆ ₹60,000 ಬೀಸುವ ಯಂತ್ರದ ಸುತ್ತಿಗೆ ಹಲ್ಲುಗಳನ್ನೂ ಜರಡಿಯನ್ನೂ ಬದಲಿಸಲು ಇಟ್ಟದ್ದು. ಕೆಲಸ ಮುಗಿದು ಬಿಲ್ ಮಾತ್ರ ಬಂದಿಲ್ಲವಾದರೆ ಅದು ಉಳಿತಾಯವೇ ಅಲ್ಲ. ತಿಂಗಳ ಲೆಕ್ಕ ಮುಚ್ಚುವ ಮುಂಚೆ ಲೆಕ್ಕಪತ್ರ ವಿಭಾಗ ಅದಕ್ಕೆ ಪ್ರೊವಿಷನ್ ಹಾಕಬೇಕಿತ್ತು, ಮರೆತಿದೆ. ಆಗಸ್ಟಿನಲ್ಲಿ ಆ ಬಿಲ್ ಬಂದಾಗ ಅದೇ ಅರವತ್ತು ಸಾವಿರ ಪ್ರತಿಕೂಲವಾಗಿ ತಿರುಗಿ ಬರುತ್ತದೆ. ಎರಡು ತಿಂಗಳು ಕೂಡಿಸಿದರೆ ಸೊನ್ನೆ. ಇಂಥದ್ದನ್ನು ಕಾಲದ ವ್ಯತ್ಯಾಸ ಎಂದು ಬೇರೆಯಾಗಿಯೇ ಬರೆದು, ಯಾವ ತಿಂಗಳು ಸರಿಹೋಗುತ್ತದೆ ಎಂದು ಪಕ್ಕದಲ್ಲಿ ಹೇಳುವುದು ಒಳ್ಳೆಯ ರೂಢಿ. ತಿಂಗಳ ಅಂಕಿಯ ಪಕ್ಕದಲ್ಲಿ ಏಪ್ರಿಲ್‌ನಿಂದ ಇಲ್ಲಿಯವರೆಗಿನ ಒಟ್ಟು ಅಂಕಿ ಇದ್ದರೆ ಈ ಬಗೆಯ ಏರಿಳಿತ ತಾನಾಗಿ ಬಯಲಾಗುತ್ತದೆ.

ಈ ಘಟಕದಲ್ಲಿ ಆದದ್ದು ಬೇರೆ. ಹಬ್ಬದ ಆರ್ಡರಿನ ಒತ್ತಡದಲ್ಲಿ ಯಂತ್ರ ನಿಲ್ಲಿಸಲಾಗದೆ ಕೆಲಸವನ್ನೇ ಮುಂದೂಡಿದ್ದರು. ಹಳೆಯ ಸುತ್ತಿಗೆಗಳು ಸವೆದಷ್ಟೂ ಬೀಸುವ ಹೊತ್ತು ಹೆಚ್ಚುತ್ತದೆ, ಯಂತ್ರ ಕಾಯುತ್ತದೆ, ಕಾದರೆ ಪುಡಿಯ ಬಣ್ಣ ಮಂಕಾಗುತ್ತದೆ. ಬ್ಯಾಡಗಿ ಕಾಯಿಗೆ ಜನ ದುಡ್ಡು ಕೊಡುವುದೇ ಅದರ ಗಾಢ ಬಣ್ಣಕ್ಕೆ, ಖಾರಕ್ಕಲ್ಲ. ಕರೆಂಟು ಬಿಲ್ಲಿನ ಆ ಮೂರು ಸಾವಿರ ಪ್ರತಿಕೂಲಕ್ಕೂ ಇದಕ್ಕೂ ನಂಟು ಇರಬಹುದೇ ಎಂದು ನೋಡಬೇಕಾದದ್ದು ಈಗ.

"ಇದನ್ನ ಹಸಿರು ಬಣ್ಣದಾಗ ಯಾಕ ತೋರಿಸೀರ್ರಿ?" ಎಂದು ಮುಖ್ಯಸ್ಥರೇ ಕೇಳಿದರು. ತಮ್ಮ ಪರವಾಗಿದ್ದ ಒಂದೇ ಸಾಲನ್ನು ತಾವೇ ಪ್ರಶ್ನಿಸಿದರು. ಕಾರಣ ಹುಡುಕುವ ಮಾತುಕತೆ ಸರಿಯಾಗಿ ನಡೆದಲ್ಲಿ ಇಂಥ ಪ್ರಾಮಾಣಿಕತೆಗೆ ಜಾಗ ಸಿಗುತ್ತದೆ.

ಎರಡು ದಿನಗಳ ನಂತರದ ಸಭೆಗೆ ಹೋದ ಹಾಳೆಯಲ್ಲಿ ₹6,33,000 ಒಂದೇ ಸಾಲಾಗಿ ಇರಲಿಲ್ಲ. ಹೆಚ್ಚು ಉತ್ಪಾದನೆಯಿಂದ ₹6,60,000 ಪ್ರತಿಕೂಲ, ಬೆಲೆಯಿಂದ ₹2,07,000 ಅನುಕೂಲ, ಬಳಕೆಯಿಂದ ₹1,80,000 ಪ್ರತಿಕೂಲ. ಕೊನೆಯ ಎರಡನ್ನೂ ಒಂದು ಆವರಣದೊಳಗೆ ಸೇರಿಸಿ ಪಕ್ಕದಲ್ಲಿ ಒಂದೇ ಕಾರಣ ಬರೆದಿತ್ತು: ಶೇ. 14 ತೇವದ ಲಾಟುಗಳು, ಡ್ರೈಯರಿನಲ್ಲಿ 613 ಕಿಲೋ ಇಳಿತ, ಇದರಿಂದಲೇ ಉರುವಲು ಮತ್ತು ಓವರ್‌ಟೈಮಿನಲ್ಲಿ ₹41,000. ಮುಖ್ಯಸ್ಥರು ಅದನ್ನು ತಾವೇ ಓದಿ ವಿವರಿಸಿದರು, ಲೆಕ್ಕಾಧಿಕಾರಿ ಬಾಯಿ ತೆರೆಯಬೇಕಾದ ಪ್ರಸಂಗ ಹೆಚ್ಚು ಬರಲಿಲ್ಲ.

ಸಭೆಯ ನಡಾವಳಿಯಲ್ಲಿ ಮೂರು ಕೆಲಸ ದಾಖಲಾದವು, ಪ್ರತಿಯೊಂದಕ್ಕೂ ಹೊಣೆ ಹೊತ್ತವರು ಮತ್ತು ದಿನಾಂಕದ ಸಮೇತ. ಖರೀದಿಯವರು ಇನ್ನು ಮುಂದೆ ಶೇ. 10 ತೇವದ ಆಧಾರದ ಮೇಲೆ ಬೆಲೆ ಮಾತಾಡಬೇಕು, ಅದಕ್ಕಿಂತ ಹೆಚ್ಚಿದ್ದರೆ ತೂಕದಲ್ಲಿ ಕಡಿತ ಮಾಡುವ ಷರತ್ತನ್ನು ಆರ್ಡರಿನಲ್ಲೇ ಬರೆಯಬೇಕು. ಗೇಟಿನಲ್ಲಿ ತೇವಮಾಪಕ ಇಟ್ಟು, ಲಾರಿ ಖಾಲಿಯಾಗುವ ಮುಂಚೆ ಅಂಕಿಯನ್ನು ಸರಕು ಸ್ವೀಕೃತಿ ಚೀಟಿಯಲ್ಲಿ ನಮೂದಿಸಬೇಕು. ಸುತ್ತಿಗೆ ಮತ್ತು ಜರಡಿಯನ್ನು ಆಗಸ್ಟ್ ಎರಡನೇ ಭಾನುವಾರ ಬದಲಿಸಬೇಕು, ಅಲ್ಲಿಯವರೆಗೆ ಆ ₹60,000ವನ್ನು ಯಾರೂ ಉಳಿತಾಯವೆಂದು ಎಣಿಸುವಂತಿಲ್ಲ.

ಆಗಸ್ಟ್ ಹಾಳೆ ಬಂದಾಗ ಮೊದಲು ನೋಡುವ ಅಂಕಿ ಯಾವುದು ಎಂಬುದೂ ಅಲ್ಲೇ ತೀರ್ಮಾನವಾಯಿತು. ಡ್ರೈಯರಿನಿಂದ ಹೊರಬಂದ ಕಾಯಿಯ ತೂಕವನ್ನು ಪುಡಿಯ ತೂಕದಿಂದ ಭಾಗಿಸಬೇಕು. 1.10ರ ಆಸುಪಾಸಿನಲ್ಲಿದ್ದರೆ ಗಿರಣಿ ಸರಿಯಾಗಿದೆ, ಗೇಟಿನ ತೇವದ ಅಂಕಿಯನ್ನು ನೋಡಿದರೆ ಸಾಕು. ಒಣಗಿದ ಮೇಲೂ ಅದು 1.13 ಎಂದು ಬಂದರೆ ನೀರಿನ ಮೇಲೆ ಹೊರೆ ಹಾಕಲು ಬರುವುದಿಲ್ಲ, ಆಗ ತೊಟ್ಟಿನ ರಾಶಿ, ಜರಡಿ, ದೂಳಿನ ಚೀಲಗಳನ್ನು ಒಂದೊಂದಾಗಿ ತೂಗಿ ನೋಡಬೇಕಾಗುತ್ತದೆ.